ಭಟ್ಟಿಯಲ್ಲಿ ಅಳೆಯದೆ ಸಿಕ್ಕ 178

ಪ್ರಶ್ನೆ: ಸರ್, ನಾನು ಕುಮಟಾ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿನಿ. ಚಿಪ್ಪಿ ಸುಟ್ಟು ಸುಣ್ಣ ಮಾಡಲು ಒಂದು ಮೋಲ್‌ಗೆ 178 ಕಿಲೋಜೌಲ್ ಶಾಖ ಬೇಕೆಂದು ಪುಸ್ತಕದಲ್ಲಿದೆ. ಭಟ್ಟಿಯಲ್ಲಿ ಅಳೆಯಲಾಗದ ಇದನ್ನು ಬೇರೆ ಎರಡು ಕ್ರಿಯೆಗಳ ಸಮೀಕರಣ ಕೂಡಿಸಿ ಪಡೆಯಬಹುದೆಂದು ಓದಿ ಪ್ರಯೋಗ ಮಾಡಿದೆ. ಚಿಪ್ಪಿಯ ಪುಡಿ 5 ಗ್ರಾಂ, ಮನೆಯಲ್ಲಿ ಬಾಟಲಿಯಲ್ಲಿದ್ದ ಸುಟ್ಟ ಸುಣ್ಣದ ಪುಡಿ 2.8 ಗ್ರಾಂ, ಎರಡನ್ನೂ ಬೇರೆಬೇರೆಯಾಗಿ 100 ಮಿಲಿಲೀಟರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ (2 ಮೋಲಾರ್) ಹಾಕಿದೆ. ಮೊದಲನೆಯದರಲ್ಲಿ ಉಷ್ಣತೆ 1.6 ಡಿಗ್ರಿ ಏರಿತು, ಎರಡನೆಯದರಲ್ಲಿ 16.5 ಡಿಗ್ರಿ. ಲೆಕ್ಕ ಹಾಕಿದರೆ ಉತ್ತರ 125 ಬರುತ್ತದೆ. ನಾನು ಕೂಡಿಸಿದ್ದು ತಪ್ಪೇ, ಅಥವಾ ಈ ಹೆಸ್ ನಿಯಮವೇ ಬರೀ ಅಂದಾಜಿನದೇ?

ಉತ್ತರ: ಕೂಡಿಸಿದ್ದು ಸರಿಯಾಗಿದೆ, ನಿಯಮವೂ ಗಟ್ಟಿಯಾಗಿದೆ. ಕೆಟ್ಟಿರುವುದು ನಿಮ್ಮ ಬಾಟಲಿಯ ಸುಣ್ಣ. ಹಾಗೆಂದು ನಿಮ್ಮ 125 ದಂಡದ ಉತ್ತರವಲ್ಲ. ಪುಸ್ತಕದ ಸಂಖ್ಯೆಗೂ ಅದಕ್ಕೂ ನಡುವೆ ಕಾಣೆಯಾಗಿರುವ ಐವತ್ತು ಚಿಲ್ಲರೆ ಕಿಲೋಜೌಲ್ ಎಲ್ಲಿಗೆ ಹೋಯಿತು ಎಂಬುದನ್ನೂ ಇದೇ ನಿಯಮದಿಂದ ಹುಡುಕಬಹುದು. ಅದನ್ನೇ ಮಾಡೋಣ.

ಮೊದಲು ಭಟ್ಟಿಯ ವಿಷಯ. ಚಿಪ್ಪಿ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಒಡೆದು ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಲು ತೆರೆದ ಗಾಳಿಯಲ್ಲಿ ಸುಮಾರು 900 ಡಿಗ್ರಿ ಉಷ್ಣತೆ ಬೇಕು. ಭಟ್ಟಿಗೆ ಸುರಿದ ಇದ್ದಿಲಿನ ಶಾಖದಲ್ಲಿ ಒಂದು ಪಾಲು ಚಿಪ್ಪಿಯನ್ನು ಆ ಉಷ್ಣತೆಗೆ ಏರಿಸಲು ಹೋಗುತ್ತದೆ, ಒಂದು ಪಾಲು ಗೋಡೆಗೆ, ಒಂದು ಪಾಲು ಹೊಗೆಯ ಜೊತೆ ಆಕಾಶಕ್ಕೆ. ಒಡೆಯುವ ಕ್ರಿಯೆಗೇ ಎಷ್ಟು ಹೋಯಿತು ಎಂದು ಆ ಗದ್ದಲದಲ್ಲಿ ಬೇರ್ಪಡಿಸಲು ಕಾಲೇಜಿನ ಸಲಕರಣೆಯಿಂದ ಸಾಧ್ಯವಿಲ್ಲ. ಕೋಣೆಯ ಉಷ್ಣತೆಯಲ್ಲಂತೂ ಆ ಕ್ರಿಯೆ ನಡೆಯುವುದೇ ಇಲ್ಲ. ನಡೆಯದ ಕ್ರಿಯೆಯ ಶಾಖವನ್ನು ಅಳೆಯುವುದು ಹೇಗೆ?

ನೀವು ಮಾಡಿದ ಹಾಗೆ. ಚಿಪ್ಪಿ ಆಮ್ಲದಲ್ಲಿ ಕರಗುತ್ತದೆ, ಸುಣ್ಣವೂ ಕರಗುತ್ತದೆ. ಎರಡೂ ಕಡೆ ಉಳಿಯುವುದು ಅದೇ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣ. ಎರಡೂ ಕ್ರಿಯೆಗಳು ಥರ್ಮೊಕೋಲ್ ಲೋಟದಲ್ಲಿ ನಿಮಿಷದೊಳಗೆ ಮುಗಿಯುತ್ತವೆ. ಕೋಷ್ಟಕದ ಮೌಲ್ಯಗಳಂತೆ ಒಂದು ಮೋಲ್‌ಗೆ ಅವುಗಳ ಶಾಖ ಹೀಗಿದೆ:

```
CaCO3 + 2HCl → CaCl2 + H2O + CO2     −15.3 kJ
CaO   + 2HCl → CaCl2 + H2O          −193.6 kJ
```

ಎರಡನೆಯದನ್ನು ತಿರುಗಿಸಿ ಬರೆಯಿರಿ. ಬಾಣ ತಿರುಗಿದರೆ ಚಿಹ್ನೆಯೂ ತಿರುಗುತ್ತದೆ. ಆಮೇಲೆ ಎರಡನ್ನೂ ಕೂಡಿಸಿ:

```
CaCO3 + 2HCl → CaCl2 + H2O + CO2     −15.3
CaCl2 + H2O  → CaO + 2HCl           +193.6
------------------------------------------
CaCO3        → CaO + CO2            +178.3
```

ಆಮ್ಲ ಎರಡೂ ಕಡೆ ಬಂದು ಹೊಡೆದುಹೋಯಿತು, ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ನೀರು ಕೂಡ ಹಾಗೆಯೇ. ಉಳಿದದ್ದು ಭಟ್ಟಿಯ ಕ್ರಿಯೆ ಮಾತ್ರ. ಇಲ್ಲಿ ಒಂದು ಕ್ಷಣ ನಿಲ್ಲಿ. ನಡುವಿನ ಸಾಲು ಪ್ರಪಂಚದ ಯಾವ ಬೀಕರಿನಲ್ಲೂ ಆ ದಿಕ್ಕಿನಲ್ಲಿ ನಡೆಯುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣವನ್ನು ಎಷ್ಟು ಹೊತ್ತು ಇಟ್ಟುಕೊಂಡು ಕೂತರೂ ಅದು ಸುಣ್ಣವೂ ಆಮ್ಲವೂ ಆಗಿ ಬೇರೆಯಾಗದು. ಆದರೂ ಲೆಕ್ಕಕ್ಕೆ ಅದು ಸಲ್ಲುತ್ತದೆ. ಏಕೆಂದರೆ ನಾವು ಅಳೆಯುವ ಈ ಶಾಖದ ಲೆಕ್ಕಕ್ಕೆ, ಎಂದರೆ ಎಂಥಾಲ್ಪಿಗೆ, ದಾರಿಯ ಹಂಗಿಲ್ಲ, ಹೊರಟ ಜಾಗ ಮತ್ತು ತಲುಪಿದ ಜಾಗ ಇವೆರಡೇ ಮುಖ್ಯ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ, ಇಲ್ಲವೇ ಅಂಕೋಲಾಕ್ಕೆ ಹೋಗಿ ಅರಬೈಲು ಘಟ್ಟ ಹತ್ತಿ ಯಲ್ಲಾಪುರ ಸುತ್ತಿಕೊಂಡು ಶಿರಸಿಗೆ ಬನ್ನಿ. ಪೆಟ್ರೋಲು, ಸಮಯ, ತಲೆಸುತ್ತು ಎಲ್ಲವೂ ಬೇರೆ. ನೀವು ಏರಿದ ಎತ್ತರ ಮಾತ್ರ ಒಂದೇ.

ಇದನ್ನು ಪ್ರಯೋಗದಿಂದ ಕಂಡುಕೊಂಡು 1840ರಲ್ಲಿ ಪ್ರಕಟಿಸಿದವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ರಸಾಯನಶಾಸ್ತ್ರಜ್ಞ ಹೆಸ್. ಗಂಧಕಾಮ್ಲಕ್ಕೆ ಬೇರೆಬೇರೆ ಪ್ರಮಾಣದಲ್ಲಿ ಮೊದಲು ನೀರು ಬೆರೆಸಿ, ಆಮೇಲೆ ಅಮೋನಿಯದಿಂದ ತಟಸ್ಥಗೊಳಿಸಿ, ಎರಡೂ ಹಂತದ ಶಾಖವನ್ನು ಕೂಡಿಸಿದರು. ಹಂತಗಳ ಶಾಖ ಹೆಚ್ಚುಕಡಿಮೆಯಾದರೂ ಮೊತ್ತ ಬದಲಾಗಲಿಲ್ಲ. ಶಕ್ತಿ ಸಂರಕ್ಷಣೆಯ ಬಗ್ಗೆ ಜರ್ಮನಿಯ ವೈದ್ಯ ಮೇಯರ್ ಬರೆದದ್ದು ಅದಾಗಿ ಎರಡು ವರ್ಷಕ್ಕೆ. ಅಂದರೆ ಹೆಸ್ ಅವರಿಗೆ ಸಿಕ್ಕಿದ್ದು ಮೊತ್ತ, ಅದರ ಕಾರಣವನ್ನು ಹೇಳಿದ್ದು ಆಮೇಲೆ ಬಂದವರು.

ಈಗ ನಿಮ್ಮ ಸಂಖ್ಯೆಗಳಿಗೆ ಬರುತ್ತೇನೆ. 100 ಮಿಲಿಲೀಟರ್ ದ್ರಾವಣವನ್ನು 100 ಗ್ರಾಂ ನೀರೆಂದೇ ಹಿಡಿದರೆ ಒಂದು ಡಿಗ್ರಿ ಏರಲು 418 ಜೌಲ್ ಬೇಕು. 5 ಗ್ರಾಂ ಚಿಪ್ಪಿ ಮತ್ತು 2.8 ಗ್ರಾಂ ಸುಣ್ಣ ಎರಡೂ 0.05 ಮೋಲ್ ಎಂದು ನೀವು ಸರಿಯಾಗಿಯೇ ಆರಿಸಿಕೊಂಡಿದ್ದೀರಿ. 0.05 ಮೋಲ್ ಕರಗಲು 0.1 ಮೋಲ್ ಆಮ್ಲ ಸಾಕು, ನಿಮ್ಮಲ್ಲಿ ಅದರ ಎರಡರಷ್ಟಿತ್ತು. ಹಾಗಾಗಿ ಆಮ್ಲ ಕಡಿಮೆಯಾಯಿತು ಎಂಬ ಸಂಶಯವೂ ಬೇಡ.

ಚಿಪ್ಪಿಗೆ 1.6 ಡಿಗ್ರಿ ಎಂದರೆ ಸುಮಾರು 670 ಜೌಲ್, ಮೋಲ್‌ಗೆ 13.4 ಕಿಲೋಜೌಲ್. ಬರಬೇಕಾಗಿದ್ದದ್ದು 15.3. ಶೇಕಡಾವಾರು ನೋಡಿದರೆ ಈ ತಪ್ಪು ದೊಡ್ಡದಾಗಿ ಕಾಣುತ್ತದೆ, ಹೆಚ್ಚಿನ ವಿದ್ಯಾರ್ಥಿಗಳು ಇಲ್ಲಿಯೇ ಹೆದರಿ ಪ್ರಯೋಗವನ್ನು ಮೂರು ಸಲ ಮಾಡುತ್ತಾರೆ. ಹೆದರಬೇಡಿ. ಕೊನೆಯ ಉತ್ತರಕ್ಕೆ ತಲುಪುವುದು ಶೇಕಡಾವಾರು ತಪ್ಪಲ್ಲ, ಕಿಲೋಜೌಲಿನ ತಪ್ಪು. ಇಲ್ಲಿ ಅದು ಎರಡು ಕಿಲೋಜೌಲ್ ಮಾತ್ರ, 178ರ ಮುಂದೆ ಅದು ಏನೂ ಅಲ್ಲ. ಥರ್ಮಾಮೀಟರನ್ನು ಅರ್ಧ ಡಿಗ್ರಿ ತಪ್ಪಾಗಿ ಓದಿದರೂ ಉತ್ತರ ನಾಲ್ಕು ಕಿಲೋಜೌಲಿನಷ್ಟೇ ಕದಲುತ್ತದೆ. ಎಲ್ಲಿ ತಲೆಕೆಡಿಸಿಕೊಳ್ಳಬೇಕು, ಎಲ್ಲಿ ಬೇಡ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಹೀಗೆ ಲೆಕ್ಕ ಹಾಕಿಕೊಳ್ಳಬಹುದು.

ಚಿಪ್ಪಿಯ ಪ್ರಯೋಗದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬುರುಬುರು ಎಂದು ಏಳುವ ಗುಳ್ಳೆಗಳು ಒಣಗಾಳಿಯಾಗಿ ಹೊರಗೆ ಹೋಗುವುದಿಲ್ಲ, ನೀರಿನ ಆವಿಯನ್ನೂ ಹೊತ್ತುಕೊಂಡು ಹೋಗುತ್ತವೆ. ನೀರು ಆವಿಯಾಗಲು ಶಾಖ ಬೇಕಲ್ಲ, ಅದು ಲೋಟದಿಂದಲೇ ಹೋಗುತ್ತದೆ. ನಮ್ಮ ಕರಾವಳಿಯ ಉಷ್ಣತೆಯಲ್ಲಿ ಇದು ಮೋಲ್‌ಗೆ ಒಂದೂವರೆಯಿಂದ ಎರಡು ಕಿಲೋಜೌಲ್ ಆಗುತ್ತದೆ. ಇನ್ನೊಂದು ಕಡೆ, ಹುಟ್ಟಿದ ಅನಿಲದಲ್ಲಿ ಸ್ವಲ್ಪ ಆಮ್ಲದಲ್ಲಿಯೇ ಕರಗಿ ಉಳಿಯುತ್ತದೆ, ಹಾಗೆ ಕರಗುವಾಗ ಶಾಖ ಬಿಡುತ್ತದೆ. ಇಡೀ ಅನಿಲ ಕರಗಿಯೇ ಉಳಿದಿದ್ದರೆ ಹೆಚ್ಚುವರಿಯಾಗಿ 20 ಕಿಲೋಜೌಲ್ ಸಿಗುತ್ತಿತ್ತು. ಆದರೆ ನಿಮ್ಮ ಲೋಟದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಕರಗಿದ್ದರೆ ಹೆಚ್ಚು. ಹೀಗಾಗಿ ಒಂದು ಕಡೆಯ ಕಳವನ್ನು ಇನ್ನೊಂದು ಕಡೆಯ ಗಳಿಕೆ ಒಂದಿಷ್ಟು ತುಂಬಿಕೊಡುತ್ತದೆ. ಎರಡನೆಯದನ್ನು ಆದಷ್ಟು ತಪ್ಪಿಸಬೇಕೆಂದರೆ ಪ್ರಯೋಗಕ್ಕೆ ಮೊದಲು ಅದೇ ಆಮ್ಲಕ್ಕೆ ಒಂದು ಚಿಟಿಕೆ ಚಿಪ್ಪಿ ಪುಡಿ ಹಾಕಿ ಗುಳ್ಳೆ ಎಬ್ಬಿಸಿ, ಮತ್ತೆ ಉಷ್ಣತೆ ನಿಂತ ಮೇಲೆ ತೂಗಿದ ಪುಡಿ ಹಾಕಿ. ಆಮ್ಲ ಆಗಲೇ ಒಂದಿಷ್ಟು ಅನಿಲವನ್ನು ಕರಗಿಸಿಕೊಂಡಿರುತ್ತದೆ.

ಇನ್ನು ಸುಣ್ಣ. 16.5 ಡಿಗ್ರಿ ಎಂದರೆ 6.9 ಕಿಲೋಜೌಲ್, ಮೋಲ್‌ಗೆ 138. ಬರಬೇಕಾಗಿದ್ದದ್ದು 193.6, ಅಂದರೆ ನಿಮ್ಮ ಥರ್ಮಾಮೀಟರ್ 23 ಡಿಗ್ರಿ ಏರಬೇಕಿತ್ತು. ಲೋಟದಿಂದ ಹೊರಗೆ ಸೋರಿದ ಶಾಖ ಒಂದು ಒಂದೂವರೆ ಡಿಗ್ರಿಯನ್ನು ನುಂಗಬಹುದು, ಆರೂವರೆ ಡಿಗ್ರಿಯನ್ನು ನುಂಗದು. ಉಳಿದದ್ದು ಸುಣ್ಣದ ಒಳಗಿನ ಕಥೆ.

ನಿಮ್ಮ ಮನೆಯ ಬಾಟಲಿಯಲ್ಲಿ ಆ ಸುಣ್ಣ ಎಷ್ಟು ದಿನದಿಂದ ಇತ್ತು ಎಂದು ನೀವು ಬರೆದಿಲ್ಲ. ಒಂದು ಮಳೆಗಾಲವನ್ನಾದರೂ ಕಂಡಿರಬೇಕು ಎಂದು ನನ್ನ ಊಹೆ. ಸುಟ್ಟ ಸುಣ್ಣಕ್ಕೆ ನೀರಿನ ದಾಹ ವಿಪರೀತ. ಆಷಾಢದ ಗಾಳಿಯಲ್ಲಿರುವ ತೇವವೇ ಅದಕ್ಕೆ ಸಾಕು, ಮುಚ್ಚಳ ಸರಿಯಾಗಿ ಕೂರದ ಬಾಟಲಿಯಲ್ಲಿ ಅದು ಸದ್ದಿಲ್ಲದೆ ಅರಳಿದ ಸುಣ್ಣವಾಗುತ್ತದೆ. ನೋಡಲು ಎರಡೂ ಬಿಳಿಯ ಪುಡಿಗಳೇ, ಕಣ್ಣಿಗೆ ವ್ಯತ್ಯಾಸ ಸಿಗದು. ಆಮ್ಲಕ್ಕೆ ಹಾಕಿದರೆ ಮಾತ್ರ ಗುಟ್ಟು ಹೊರಬರುತ್ತದೆ:

```
Ca(OH)2 + 2HCl → CaCl2 + 2H2O       −128.4 kJ
```

193.6 ಎಲ್ಲಿ, 128.4 ಎಲ್ಲಿ. ನಡುವಿನ 65.2 ಕಿಲೋಜೌಲ್ ಏನು ಎಂದು ನೋಡಬೇಕಾದರೆ ಮತ್ತೆ ಕೂಡಿಸಿ. ಸುಟ್ಟ ಸುಣ್ಣದ ಸಮೀಕರಣವನ್ನು ಹಾಗೆಯೇ ಇಟ್ಟು, ಅರಳಿದ ಸುಣ್ಣದ್ದನ್ನು ತಿರುಗಿಸಿ ಕೆಳಗೆ ಬರೆದರೆ ಉಳಿಯುವುದು ಇದು:

```
CaO + H2O → Ca(OH)2                  −65.2 kJ
```

ಕವಳ ಹಾಕುವವರ ಮನೆಯಲ್ಲಿ ಸುಣ್ಣಕ್ಕೆ ನೀರು ಹಾಕಿದಾಗ ಕೊತಕೊತ ಕುದಿಯುವುದನ್ನು ಕಂಡಿರುತ್ತೀರಿ. ಆ ಕುದಿತದ ಶಾಖವೇ ಇದು. ನಿಮ್ಮ ಬಾಟಲಿಯಲ್ಲಿ ಇದೇ ಶಾಖ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗಿ ಕಪಾಟಿನ ಗಾಳಿಗೆ ಸೇರಿಹೋಗಿದೆ. ಬಾಟಲಿ ಬೆಚ್ಚಗಾದದ್ದು ಯಾರ ಕೈಗೂ ತಾಗಲಿಲ್ಲ, ಅಷ್ಟು ನಿಧಾನ. ನೀವು ಥರ್ಮಾಮೀಟರ್ ಹಿಡಿದು ಕೂರುವ ಹೊತ್ತಿಗೆ ಕೊಡಬೇಕಾದದ್ದರಲ್ಲಿ ಒಂದಷ್ಟನ್ನು ಸುಣ್ಣ ಆಗಲೇ ಕೊಟ್ಟು ಮುಗಿಸಿತ್ತು. ಘಟ್ಟದ ಮಾತಿನಲ್ಲಿ ಹೇಳುವುದಾದರೆ ಶಿರಸಿಯಿಂದ ಇಳಿಯುತ್ತಿದ್ದೇನೆ ಎಂದುಕೊಂಡು ನೀವು ದೇವಿಮನೆಯ ತಿರುವಿನಿಂದ ಅಳೆಯಲು ಶುರುಮಾಡಿದಿರಿ. ಹೊರಟ ಜಾಗವೇ ಬೇರೆಯಾದರೆ ಮೊತ್ತ ಬೇರೆಯಾಗಲೇಬೇಕು, ಅದರಲ್ಲಿ ನಿಯಮದ ತಪ್ಪೇನಿದೆ?

ಇದರ ಜೊತೆ ತೂಕದ ಮೋಸವೂ ಇದೆ. ನೀರು ಕುಡಿದ ಸುಣ್ಣ ಭಾರವಾಗಿರುತ್ತದೆ. 2.8 ಗ್ರಾಂ ಸುಟ್ಟ ಸುಣ್ಣದಲ್ಲಿ 0.05 ಮೋಲ್ ಇದ್ದರೆ, ಅದೇ ತೂಕದ ಅರಳಿದ ಸುಣ್ಣದಲ್ಲಿ 0.038 ಮೋಲ್ ಮಾತ್ರ. ಹೀಗೆ ಶಾಖ ಎರಡು ಕಡೆಯಿಂದ ಕಡಿಮೆಯಾಗುತ್ತದೆ. ಎರಡನ್ನೂ ಸೇರಿಸಿ ಗ್ರಾಂ ಲೆಕ್ಕಕ್ಕೆ ತಂದರೆ ಸುಲಭ: ಸುಟ್ಟ ಸುಣ್ಣ ಆಮ್ಲದಲ್ಲಿ ಗ್ರಾಂಗೆ 3.45 ಕಿಲೋಜೌಲ್ ಕೊಡುತ್ತದೆ, ಅರಳಿದ ಸುಣ್ಣ 1.73. ನಿಮ್ಮ ಪುಡಿ ಕೊಟ್ಟದ್ದು 2.46. ಎರಡರ ನಡುವೆ ಅದು ಎಲ್ಲಿ ಕೂರುತ್ತದೆ ಎಂದು ನೋಡಿದರೆ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಅರಳಿಬಿಟ್ಟಿದೆ ಎಂದಾಗುತ್ತದೆ. ಲೋಟದಿಂದ ಸೋರಿದ ಶಾಖವನ್ನೂ ಗಣಿಸಿ ‘ಸುಮಾರು ಅರ್ಧ’ ಎನ್ನೋಣ.

ನನ್ನ ಊಹೆಯನ್ನು ನಂಬಬೇಕಾಗಿಲ್ಲ, ಪರೀಕ್ಷಿಸಿ. ಉಳಿದ ಪುಡಿಯಲ್ಲಿ 2.8 ಗ್ರಾಂ ತೂಗಿ, ಪಿಂಗಾಣಿ ಕ್ರೂಸಿಬಲ್‌ನಲ್ಲಿ ಬುನ್ಸೆನ್ ಉರಿಯ ಮೇಲೆ ಅರ್ಧ ಗಂಟೆ ಚೆನ್ನಾಗಿ ಕಾಯಿಸಿ, ಡೆಸಿಕೇಟರ್‌ನಲ್ಲಿ ಆರಿಸಿ ಮತ್ತೆ ತೂಗಿ. ತೂಕ ನಿಲ್ಲುವ ತನಕ ಹೀಗೆ ಮಾಡಿ. ಅರಳಿದ ಸುಣ್ಣ ನೀರು ಬಿಟ್ಟರೆ ಅದರ ತೂಕದ ಶೇ. 24ರಷ್ಟು ಇಳಿಯುತ್ತದೆ. ಅರ್ಧ ಅರಳಿದ್ದರೆ ಒಟ್ಟು ಶೇ. 12 ಇಳಿಯಬೇಕು, ಅಂದರೆ 2.8 ಗ್ರಾಂ 2.46ರ ಹತ್ತಿರ ಬಂದು ನಿಲ್ಲಬೇಕು. ಇನ್ನೊಂದು ಪರೀಕ್ಷೆಗೆ ತಕ್ಕಡಿಯೂ ಬೇಡ. ಪುಡಿಗೆ ಆಮ್ಲ ಹಾಕಿದಾಗ ಗುಳ್ಳೆ ಎದ್ದಿತ್ತೇ ನೆನಪಿಸಿಕೊಳ್ಳಿ. ಎದ್ದಿದ್ದರೆ ಅರಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡನ್ನೂ ಹೀರಿ ಮತ್ತೆ ಕಾರ್ಬೊನೇಟ್ ಆಗತೊಡಗಿದೆ ಎಂದರ್ಥ. ಆಗ ಅದು ಘಟ್ಟವನ್ನು ಪೂರ್ತಿ ಇಳಿದು ನೀವು ಹೊರಟ ಚಿಪ್ಪಿಯ ಹತ್ತಿರವೇ ಬಂದು ನಿಂತಿದೆ. ಸಾಧಾರಣ ಬುನ್ಸೆನ್ ಉರಿ ಈ ಭಾಗವನ್ನು ಪೂರ್ತಿ ಒಡೆಯದು, ಅದಕ್ಕೆ 900 ಡಿಗ್ರಿ ದಾಟುವ ವಿದ್ಯುತ್ ಕುಲುಮೆಯೇ ಬೇಕು.

ಇದೇ ಗುಂಡಿಗೆ ನಾನೂ ಬಿದ್ದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಜುಲೈ ತಿಂಗಳ ಕಾರವಾರದಲ್ಲಿ, ಕುಲುಮೆಯಿಂದ ತೆಗೆದ ಸುಣ್ಣವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಮಾರನೆಯ ದಿನದ ತರಗತಿಗೆಂದು ಮೇಜಿನ ಖಾನೆಯಲ್ಲಿಟ್ಟೆ. ಬೆಳಿಗ್ಗೆ ಪೊಟ್ಟಣ ಉಬ್ಬಿ ಬಾಯಿ ಬಿಟ್ಟಿತ್ತು. ಅರಳುವುದು ಎಂಬ ಮಾತು ಎಷ್ಟು ಸರಿಯಾದದ್ದು ಎಂದು ಅಂದು ತಿಳಿಯಿತು. ಆ ಪುಡಿಯನ್ನೇ ಕೊಟ್ಟು ಪ್ರಯೋಗ ಮಾಡಿಸಿ, ಮೂವತ್ತು ವಿದ್ಯಾರ್ಥಿಗಳ ಉತ್ತರವೂ ಒಂದೇ ರೀತಿ ಕಡಿಮೆ ಬಂದಾಗ ಥರ್ಮಾಮೀಟರುಗಳನ್ನು ಬೈದೆ. ಎಲ್ಲರ ತಪ್ಪೂ ಒಂದೇ ದಿಕ್ಕಿಗಿದ್ದರೆ ಥರ್ಮಾಮೀಟರನ್ನು ಬೈಯಬಾರದು, ಎಲ್ಲರೂ ಹಂಚಿಕೊಂಡ ಬಾಟಲಿಯನ್ನು ನೋಡಬೇಕು.

ಹಾಗಾದರೆ ಸರಿಯಾದ ಸುಣ್ಣ ಎಲ್ಲಿಂದ? ನಿಮ್ಮ ಕಾಲೇಜಿನಲ್ಲಿ ಕುಲುಮೆ ಇದ್ದರೆ ಮೊದಲ ಪ್ರಯೋಗಕ್ಕೆ ಬಳಸಿದ ಚಿಪ್ಪಿಯನ್ನೇ ಸುಡಿ, ಇದಕ್ಕಿಂತ ಒಳ್ಳೆಯದಿಲ್ಲ. ಪೂರ್ತಿ ಸುಟ್ಟ ಚಿಪ್ಪಿ ಆಕಾರದಲ್ಲಿ ಚಿಪ್ಪಿಯೇ ಆಗಿರುತ್ತದೆ, ಮೇಲಿನ ಗೆರೆಗಳೂ ಹಾಗೆಯೇ ಇರುತ್ತವೆ. ಇಕ್ಕಳದಲ್ಲಿ ಎತ್ತಿದರೆ ಮಾತ್ರ ಹಗುರ, ಏಕೆಂದರೆ ನೂರು ಗ್ರಾಂ ಚಿಪ್ಪಿಯಲ್ಲಿ 44 ಗ್ರಾಂ ಅನಿಲವಾಗಿ ಹೋಗಿರುತ್ತದೆ. ಈ ತೂಕದ ಇಳಿತವೇ ಪೂರ್ತಿ ಸುಟ್ಟಿದೆಯೇ ಎಂಬುದಕ್ಕೂ ಸಾಕ್ಷಿ. ಒಂದು ಚೂರನ್ನು ಗಾಜಿನ ತಟ್ಟೆಯಲ್ಲಿಟ್ಟು ಒಂದು ಹನಿ ನೀರು ಬಿಡಿ. ಕ್ಷಣ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಚುಯ್ ಎಂದು ಬಿರಿದು ಬಿಸಿಯಾಗಿ ಪುಡಿಯಾಗುತ್ತದೆ. ಕೈಯಲ್ಲಿ ಹಿಡಿದು ಈ ಪರೀಕ್ಷೆ ಮಾಡಬೇಡಿ, ಕಣ್ಣಿಗೆ ಕನ್ನಡಕ ಇರಲಿ. ನಿಮ್ಮ ಬಾಟಲಿಯ ಪುಡಿ ಇದೇ ಹನಿಗೆ ಮಂಕಾಗಿ ಒದ್ದೆಯಾಗಿ ಕೂರುತ್ತದೆ ಎಂಬುದು ನನ್ನ ಪಣ. ಸುಟ್ಟದ್ದನ್ನು ಡೆಸಿಕೇಟರ್‌ನಲ್ಲಿ ಆರಿಸಿ, ಅಂದೇ ಪುಡಿಮಾಡಿ, ಅಂದೇ ತೂಗಿ ಆಮ್ಲಕ್ಕೆ ಹಾಕಿ. ಉಷ್ಣತೆ ಏರುವುದು ನಿಂತ ಮೇಲೂ ಐದು ನಿಮಿಷ ಅರ್ಧರ್ಧ ನಿಮಿಷಕ್ಕೆ ಓದುತ್ತಾ ಹೋಗಿ. ಅದು ಇಳಿಯುವ ಗೆರೆಯನ್ನು ಪುಡಿ ಹಾಕಿದ ಕ್ಷಣದವರೆಗೆ ಹಿಂದಕ್ಕೆ ಎಳೆದರೆ ಲೋಟದಿಂದ ಸೋರಿದ ಒಂದೆರಡು ಡಿಗ್ರಿಯೂ ವಾಪಸು ಸಿಗುತ್ತದೆ. ನಿಮ್ಮ ಎಚ್ಚರವೆಲ್ಲ ಈ ಎರಡನೆಯ ಪ್ರಯೋಗಕ್ಕೇ ಇರಲಿ. ಇಲ್ಲಿ ಶೇ. 5 ತಪ್ಪಿದರೆ ಉತ್ತರದಲ್ಲಿ ಹತ್ತು ಕಿಲೋಜೌಲ್ ಹೋಗುತ್ತದೆ. 165ರಿಂದ 180ರ ಒಳಗೆ ಏನು ಬಂದರೂ ಥರ್ಮೊಕೋಲ್ ಲೋಟಕ್ಕೆ ಅದು ಗೌರವದ ಉತ್ತರ.

ಎರಡೂ ಸಲ ಆಮ್ಲ ಒಂದೇ ಬಾಟಲಿಯದಾಗಿರಲಿ, ಅಳತೆಯೂ ಒಂದೇ ಇರಲಿ. ಕಾಗದದ ಮೇಲೆ ನಾವು ಸುಲಭವಾಗಿ ಹೊಡೆದುಹಾಕಿದ ಕ್ಯಾಲ್ಸಿಯಂ ಕ್ಲೋರೈಡ್ ನಿಜದಲ್ಲಿ ಹೊಡೆದುಹೋಗಬೇಕಾದರೆ ಎರಡೂ ಲೋಟಗಳಲ್ಲಿ ಅದೇ ಸಾಂದ್ರತೆಯ ದ್ರಾವಣ ಉಳಿದಿರಬೇಕು. ಒಂದು ಕಡೆ ತೆಳು, ಒಂದು ಕಡೆ ಗಟ್ಟಿ ಎಂದಾದರೆ ತೆಳುಮಾಡುವ ಶಾಖವೂ ಲೆಕ್ಕದೊಳಗೆ ನುಸುಳುತ್ತದೆ. ಹೆಸ್ ಅಳೆದದ್ದೇ ಅಂಥ ಶಾಖವನ್ನು.

ಈ ವಿಧಾನ ಎಲ್ಲಿ ಸೋಲುತ್ತದೆ ಎಂಬುದಕ್ಕೂ ನಿಮ್ಮ ಚಿಪ್ಪಿಯೇ ಉದಾಹರಣೆ. ಚಿಪ್ಪಿಯಲ್ಲಿರುವ ಕಾರ್ಬೊನೇಟ್ ಹೆಚ್ಚಾಗಿ ಅರಾಗೊನೈಟ್ ಎಂಬ ಹರಳಿನ ರೂಪದ್ದು, ಪುಸ್ತಕದ 178 ಇರುವುದು ಕ್ಯಾಲ್ಸೈಟ್ ಎಂಬ ಇನ್ನೊಂದು ರೂಪಕ್ಕೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಶಾಖವನ್ನೂ ಇದೇ ರೀತಿ ಎರಡನ್ನೂ ಆಮ್ಲದಲ್ಲಿ ಕರಗಿಸಿ ಕಳೆದು ಪಡೆಯಬಹುದು, ತಾತ್ವಿಕವಾಗಿ. ಆದರೆ ಆ ವ್ಯತ್ಯಾಸ ಮೋಲ್‌ಗೆ ಅರ್ಧ ಕಿಲೋಜೌಲ್ ಕೂಡ ಇಲ್ಲ. ನಿಮ್ಮ ಲೋಟದಲ್ಲಿ ಅದು ಒಂದು ಡಿಗ್ರಿಯ ಇಪ್ಪತ್ತನೆಯ ಪಾಲಿಗಿಂತ ಹೆಚ್ಚಾಗದು. ಹತ್ತಿರಹತ್ತಿರದ ಎರಡು ಸಂಖ್ಯೆಗಳನ್ನು ಕಳೆಯುವಾಗ ಉಳಿಯುವುದು ಉತ್ತರವಲ್ಲ, ಥರ್ಮಾಮೀಟರಿನ ನಡುಕ. ಹಾಗಾಗಿ ಪ್ರಾಜೆಕ್ಟಿನಲ್ಲಿ ಚಿಪ್ಪಿಯನ್ನು ಕ್ಯಾಲ್ಸೈಟ್ ಎಂದೇ ಹಿಡಿದರೂ ನಷ್ಟವಿಲ್ಲ, ಒಂದು ಸಾಲಿನಲ್ಲಿ ಹಾಗೆಂದು ಬರೆದರೆ ಸಾಕು.

178 ಎಂಬುದು 25 ಡಿಗ್ರಿಗೆ ಸೇರಿದ ಸಂಖ್ಯೆ ಎಂಬುದನ್ನೂ ಬರೆಯಿರಿ. ಭಟ್ಟಿಯ ಉಷ್ಣತೆಯಲ್ಲಿ ಅದು ತುಸು ಕಡಿಮೆ. ಆದರೂ ಭಟ್ಟಿಯವರ ಲೆಕ್ಕಕ್ಕೆ ಇದೇ ಸಾಕು: ಒಂದು ಕಿಲೋ ಸುಣ್ಣಕ್ಕೆ 3.2 ಮೆಗಾಜೌಲ್, ಅಂದರೆ ಶುದ್ಧ ಇಂಗಾಲವಾದರೆ ನೂರು ಗ್ರಾಂನಷ್ಟು. ಯಾವ ಭಟ್ಟಿಯೂ ಇಷ್ಟರಲ್ಲಿ ಸುಡಲಾರದು. ನಿಮ್ಮ ಊರಿನ ಭಟ್ಟಿಯಲ್ಲಿ ಕಿಲೋ ಸುಣ್ಣಕ್ಕೆ ಎಷ್ಟು ಇದ್ದಿಲು ಸುರಿಯುತ್ತಾರೆ ಎಂದು ಕೇಳಿ ಪಕ್ಕದಲ್ಲಿ ಬರೆದರೆ ಗೋಡೆಗೂ ಹೊಗೆಗೂ ಹೋದ ಪಾಲು ತಾನಾಗಿ ಸಿಗುತ್ತದೆ.

ಬಾಟಲಿಯ ಸುಣ್ಣವನ್ನು ಎಸೆಯಬೇಡಿ. ಅದಕ್ಕೆ ಬೇಕಾದಷ್ಟು ನೀರು ಹಾಕಿ ಪೂರ್ತಿ ಅರಳಿಸಿ, ಓವನ್‌ನಲ್ಲಿ 110 ಡಿಗ್ರಿಯಲ್ಲಿ ಒಣಗಿಸಿ, 3.7 ಗ್ರಾಂ ತೂಗಿ ಅದೇ ಆಮ್ಲಕ್ಕೆ ಹಾಕಿ. ಕಾರ್ಬೊನೇಟ್ ಹೆಚ್ಚಿಲ್ಲದಿದ್ದರೆ 15 ಡಿಗ್ರಿಯ ಹತ್ತಿರ ಏರಬೇಕು. ಹೊಸ ಸುಣ್ಣದ 23ರಿಂದ ಅದನ್ನು ಕಳೆದು ಬರುವುದೇ ಸುಣ್ಣ ಪೂರ್ತಿ ಅರಳುವಾಗ ಬಿಡುವ ಶಾಖ, ಅದರ ಒಂದು ಪಾಲೇ ನಿಮ್ಮ ಕಪಾಟಿನಲ್ಲಿ ಕಾಣೆಯಾದದ್ದು.